ಬಾಡಿಗೆ ಎಷ್ಟು, ವರ್ಷ ಎಷ್ಟು: ಕಚೇರಿ ಮಾಲೀಕರಿಗೆ ಬರೆಯಬೇಕಾದ ಒಂದು ಇಮೇಲ್

ಮಾರ್ಚ್ 31ಕ್ಕೆ ಕಚೇರಿಯ ಕರಾರು ಮುಗಿಯುತ್ತದೆ ಎನ್ನುವುದು ಫೆಬ್ರುವರಿಯ ಕೊನೆಯ ವಾರದಲ್ಲಿ ನೆನಪಾಗುತ್ತದೆ. ಆಗ ಬೀರುವಿನಿಂದ ಲೀಸ್ ಡೀಡ್ ಹೊರಗೆ ಬರುತ್ತದೆ, ಮಾಲೀಕರಿಗೆ ಫೋನ್ ಹೋಗುತ್ತದೆ. "ಮಾಡೋಣ ಬಿಡಿ, ನೀವೇನು ಹೊಸಬರಾ?" ಎನ್ನುತ್ತಾರೆ ಅವರು. ಏಪ್ರಿಲ್ ಬಾಡಿಗೆ ಹಳೆಯ ಲೆಕ್ಕದಲ್ಲೇ ಹೋಗುತ್ತದೆ, ಮೇ ತಿಂಗಳದ್ದೂ ಹಾಗೆಯೇ. ಜೂನ್‌ನಲ್ಲಿ ವಾಟ್ಸಾಪ್‌ಗೆ ಒಂದು ಸಾಲು ಬಂದು ಬೀಳುತ್ತದೆ: "ಏಪ್ರಿಲ್‌ನಿಂದ 15 ಪರ್ಸೆಂಟ್ ಜಾಸ್ತಿ. ಬಾಕಿ ಸೇರಿಸಿ ಹಾಕಿ."

ಅಷ್ಟರಲ್ಲಿ ಬಾಡಿಗೆದಾರನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಕರಾರಿನ ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತ ಹೋದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಕಚೇರಿಯ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದಾಗುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳುವುದು ಹಾಗೆ. ಅಂಥ ಬಾಡಿಗೆಯನ್ನು 15 ದಿನಗಳ ನೋಟಿಸ್ ಕೊಟ್ಟು ಮುಗಿಸಬಹುದು. ಹತ್ತು ಜನ ಕೂತು ಕೆಲಸ ಮಾಡುವ ಕಚೇರಿಯನ್ನು 15 ದಿನದಲ್ಲಿ ಎತ್ತಿ ಇನ್ನೊಂದು ಕಡೆ ಇಡಲಾಗುವುದಿಲ್ಲ. ಹಾಗಾಗಿ ಕೇಳಿದ್ದನ್ನು ಕೊಡಬೇಕಾಗುತ್ತದೆ. ಡಿಸೆಂಬರ್‌ನಲ್ಲಿ ಬರೆದ ಒಂದು ಇಮೇಲ್ ಇದನ್ನು ತಪ್ಪಿಸಬಲ್ಲದು. ಅದರಲ್ಲಿ ಏನಿರಬೇಕು, ಅದಕ್ಕೆ ಮೊದಲು ಯಾವ ಲೆಕ್ಕ ಮಾಡಿಕೊಂಡಿರಬೇಕು ಎಂಬುದಷ್ಟೇ ಈ ಲೇಖನದ ವಿಷಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಮನೆ ಹುಡುಕುವವರಿಗೆ 'ಲೀಸ್' ಅಂದರೆ ಭೋಗ್ಯ. ಇಡಿಗಂಟು ಕೊಟ್ಟು ಕೂರುವುದು, ತಿಂಗಳ ಬಾಡಿಗೆ ಇಲ್ಲ. ಕಚೇರಿಗಳ ಮಾತಿನಲ್ಲಿ ಲೀಸ್ ಎಂದರೆ ತಿಂಗಳ ಬಾಡಿಗೆಯ ಮೇಲೆ ಇಷ್ಟು ವರ್ಷಕ್ಕೆಂದು ಮಾಡಿಕೊಂಡ ಕರಾರು. ಇಲ್ಲಿ ಹೇಳುತ್ತಿರುವುದು ಎರಡನೆಯದನ್ನು.

ಇಮೇಲ್ ಬರೆಯಲು ಕೂರುವ ಮೊದಲು ಡೀಡ್‌ನಲ್ಲಿ ನವೀಕರಣದ ಕಲಮು ಎಲ್ಲಿದೆ ಎಂದು ಹುಡುಕಬೇಕು. ಸಾಮಾನ್ಯವಾಗಿ ಅದು ಕೊನೆಯ ಪುಟಗಳಲ್ಲಿ, ಲಿಫ್ಟು, ಕರೆಂಟು, ಸುಣ್ಣಬಣ್ಣದ ಷರತ್ತುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಹೆಚ್ಚಿನ ಡೀಡ್‌ಗಳಲ್ಲಿ ನಾನು ನೋಡಿರುವುದು ಇಂಥ ಸಾಲು: "ಉಭಯತ್ರರೂ ಒಪ್ಪುವ ಬಾಡಿಗೆ ಮತ್ತು ಷರತ್ತುಗಳ ಮೇಲೆ ನವೀಕರಿಸಬಹುದು." ಇದನ್ನು ಓದಿ ನವೀಕರಣದ ಹಕ್ಕು ತಮಗಿದೆ ಎಂದುಕೊಂಡವರು ಬಹಳ. ವಾಸ್ತವದಲ್ಲಿ ಇದರಲ್ಲಿ ಹಿಡಿದು ನಿಲ್ಲುವಂಥದ್ದು ಏನೂ ಇಲ್ಲ. ಬಾಡಿಗೆಯೇ ನಿಗದಿಯಾಗಿಲ್ಲದಿರುವಾಗ, ಮುಂದೆ ಒಪ್ಪೋಣ ಎಂಬ ಒಪ್ಪಂದವನ್ನು ಕೋರ್ಟಿನಲ್ಲಿ ಜಾರಿ ಮಾಡಿಸುವುದು ಕಷ್ಟ. "ಬಾಡಿಗೆದಾರನ ಇಚ್ಛೆಯ ಮೇರೆಗೆ, ಕೊನೆಯ ಬಾಡಿಗೆಯ ಮೇಲೆ ಶೇ. 10 ಹೆಚ್ಚಳದೊಂದಿಗೆ, ಇನ್ನೂ ಮೂರು ವರ್ಷಕ್ಕೆ" ಎಂದು ಬರೆದಿದ್ದರೆ ಮಾತ್ರ ಅದು ಹಕ್ಕು. ಅಂಥ ಹಕ್ಕು ಇರುವವರು ಅದನ್ನು ಹೇಳಿದ ದಿನದೊಳಗೆ, ಹೇಳಿದ ರೀತಿಯಲ್ಲೇ ಚಲಾಯಿಸಬೇಕು. ಒಂದು ವಾರ ತಡವಾದರೂ ಹಕ್ಕು ಹೋಗಬಹುದು.

ಹೇಳಿದ ರೀತಿ ಎಂದೆನಲ್ಲ, ಅದಕ್ಕೆ ನೋಟಿಸ್ ಕಲಮು ನೋಡಬೇಕು. "ನೋಟಿಸ್ ರಿಜಿಸ್ಟರ್ಡ್ ಪೋಸ್ಟ್ ಮೂಲಕವೇ" ಎಂದಿದ್ದರೆ ಇಮೇಲ್ ಎಷ್ಟೇ ಚೆನ್ನಾಗಿದ್ದರೂ ಅದು ಮಾತುಕತೆಯ ಕಾಗದ ಮಾತ್ರ. ಅದೇ ಪತ್ರದ ಮುದ್ರಿತ ಪ್ರತಿ ಅಂಚೆಯಲ್ಲೂ ಹೋಗಬೇಕು. ಹಾಗೆಯೇ ಡೀಡ್‌ಗೆ ಸಹಿ ಹಾಕಿದವರು ಯಾರು ಎಂದು ನೋಡಿ. ಆಸ್ತಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದು, ಫೋನಿನಲ್ಲಿ ಮಾತಾಡುವವರು ಯಜಮಾನರೊಬ್ಬರೇ ಆಗಿರುವುದುಂಟು. ಪತ್ರ ಇಬ್ಬರಿಗೂ ಹೋಗಬೇಕು.

ಕಾನೂನು ಬಾಡಿಗೆಗೆ ಮಿತಿ ಹಾಕುತ್ತದೆಯೇ ಎಂದು ಕೇಳುವವರಿದ್ದಾರೆ. ಕರ್ನಾಟಕ ಬಾಡಿಗೆ ಕಾಯ್ದೆ 1999, ವಾಣಿಜ್ಯ ಜಾಗಗಳ ಪೈಕಿ 14 ಚದರ ಮೀಟರ್ ಮೀರದವುಗಳಿಗೆ ಮಾತ್ರ ಅನ್ವಯಿಸುತ್ತದೆ. ಅದು ಸುಮಾರು 150 ಚದರಡಿ, ಒಂದು ಸಣ್ಣ ಅಂಗಡಿಯಷ್ಟು. ಅದಕ್ಕಿಂತ ದೊಡ್ಡ ಕಚೇರಿಯ ಬಾಡಿಗೆ ಇಬ್ಬರು ಕೂತು ಒಪ್ಪಿಕೊಂಡಷ್ಟು. ಹಾಗಾಗಿ ಪತ್ರದಲ್ಲಿ ಕಾನೂನಿನ ಮಾತೆತ್ತಿ ಹೆದರಿಸಲು ಹೋಗುವುದರಲ್ಲಿ ಅರ್ಥವಿಲ್ಲ. ಕೆಲಸಕ್ಕೆ ಬರುವುದು ಲೆಕ್ಕ.

ಆ ಲೆಕ್ಕ ಹೇಗೆಂದು ನೋಡಲು ಒಂದು ಕಚೇರಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಜಯನಗರದ ಒಂದು ಕಟ್ಟಡದ ಎರಡನೇ ಮಹಡಿ, 1,000 ಚದರಡಿ. 2024ರ ಏಪ್ರಿಲ್ 1ರಿಂದ ಮೂರು ವರ್ಷದ ಕರಾರು. ಮೊದಲ ವರ್ಷ ತಿಂಗಳಿಗೆ 40,000 ರೂಪಾಯಿ, ಪ್ರತಿ ವರ್ಷ ಶೇ. 5 ಏರಿಕೆ. ಹಾಗಾಗಿ ಎರಡನೇ ವರ್ಷ 42,000, ಮೂರನೇ ವರ್ಷ 44,100. 2027ರ ಮಾರ್ಚ್ 31ಕ್ಕೆ ಅವಧಿ ಮುಗಿಯುತ್ತದೆ. ನವೀಕರಣ ಬೇಕಿದ್ದರೆ 90 ದಿನ ಮೊದಲು ತಿಳಿಸಬೇಕೆಂದು ಡೀಡ್‌ನಲ್ಲಿದೆ. ಅಂದರೆ ಡಿಸೆಂಬರ್ 31ರೊಳಗೆ. ಮಾಲೀಕರು ಲಿಫ್ಟಿನ ಬಳಿ ಸಿಕ್ಕಾಗ "ಈ ಸಲ 15 ಪರ್ಸೆಂಟ್ ಆದ್ರೂ ಆಗ್ಬೇಕು, ಆಮೇಲೆ ಮಾಮೂಲಿ ಐದು" ಎಂದು ಸುಳಿವು ಕೊಟ್ಟಿದ್ದಾರೆ.

ಮಾಲೀಕರ ಮಾತಿನಂತೆ ನಡೆದರೆ ಮೊದಲ ವರ್ಷ ತಿಂಗಳಿಗೆ 50,715 ರೂಪಾಯಿ, ಎರಡನೇ ವರ್ಷ ಸುಮಾರು 53,251, ಮೂರನೇ ವರ್ಷ ಸುಮಾರು 55,913. ಮೂರು ವರ್ಷಕ್ಕೆ ಒಟ್ಟು ಸುಮಾರು 19 ಲಕ್ಷದ 19 ಸಾವಿರ. ಬಾಡಿಗೆದಾರ ಮೊದಲ ವರ್ಷ ಈಗಿನ 44,100ನ್ನೇ ಉಳಿಸಿ, ಆಮೇಲೆ ಶೇ. 5ರಂತೆ ಏರಿಸಿ ಎಂದು ಕೇಳುತ್ತಾನೆ ಅನ್ನಿ. ಆಗ ಮೂರು ವರ್ಷದ ಮೊತ್ತ 16 ಲಕ್ಷದ 68 ಸಾವಿರ. ವ್ಯತ್ಯಾಸ ಎರಡೂವರೆ ಲಕ್ಷ. ಈ ಎರಡು ಅಂಕಿಗಳನ್ನು ಮಾತ್ರ ಪಕ್ಕಪಕ್ಕ ಇಟ್ಟರೆ ಯಾವ ಮಾಲೀಕರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಆದರೆ ಬಾಡಿಗೆದಾರ ಬಿಟ್ಟು ಹೋದರೆ ಮಾರನೆಯ ದಿನವೇ 50,715 ಕೊಡುವವರು ಬಂದು ನಿಲ್ಲುತ್ತಾರೆಯೇ? ಟು-ಲೆಟ್ ಬೋರ್ಡ್ ಹಾಕಬೇಕು, ಬ್ರೋಕರ್‌ಗೆ ಹೇಳಬೇಕು, ಬಂದವರಿಗೆ ತೋರಿಸಬೇಕು. ನಾಲ್ಕು ತಿಂಗಳು ಖಾಲಿ ಬಿತ್ತು ಅಂತಿಟ್ಟುಕೊಳ್ಳಿ, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಹೋಯಿತು ಅಂತಿಟ್ಟುಕೊಳ್ಳಿ. ಉಳಿದ 32 ತಿಂಗಳಲ್ಲಿ ಹೊಸಬರಿಂದ ಬರುವ ಬಾಡಿಗೆಯಲ್ಲಿ ಕಮಿಷನ್ ಕಳೆದರೆ ಮಾಲೀಕರ ಕೈಗೆ ಉಳಿಯುವುದು ಸುಮಾರು 16 ಲಕ್ಷದ 44 ಸಾವಿರ. ಹಳಬನನ್ನು ಹಳೆಯ ಬಾಡಿಗೆಗೇ ಉಳಿಸಿಕೊಂಡಿದ್ದರೆ ಬರುತ್ತಿದ್ದುದಕ್ಕಿಂತ ಇದು 24 ಸಾವಿರ ಕಡಿಮೆ. ಖಾಲಿ ತಿಂಗಳುಗಳ ಮೇಂಟೆನೆನ್ಸ್ ಮತ್ತು ಬಣ್ಣದ ಖರ್ಚು ಇದರಲ್ಲಿ ಸೇರಿಲ್ಲ. ಮೂರೇ ತಿಂಗಳು ಖಾಲಿ ಇದ್ದರೆ ಮಾಲೀಕರಿಗೆ ಸುಮಾರು 32 ಸಾವಿರ ಲಾಭ. ಹಾಗಾಗಿ ಇಡೀ ಚೌಕಾಸಿ ನಿಂತಿರುವುದು ಈ ಜಾಗ ಎಷ್ಟು ತಿಂಗಳು ಖಾಲಿ ಬೀಳಬಹುದು ಎಂಬ ಒಂದೇ ಪ್ರಶ್ನೆಯ ಮೇಲೆ.

ಅದಕ್ಕೆ ಉತ್ತರ ರಸ್ತೆಯಲ್ಲೇ ಸಿಗುತ್ತದೆ. ಅಕ್ಕಪಕ್ಕದ ನಾಲ್ಕು ರಸ್ತೆ ಸುತ್ತಿ, ಯಾವ ಬೋರ್ಡ್ ಎಷ್ಟು ತಿಂಗಳಿಂದ ನೇತಾಡುತ್ತಿದೆ ಎಂದು ಕೆಳಗಿನ ಸೆಕ್ಯುರಿಟಿಯವರನ್ನೋ ಜೆರಾಕ್ಸ್ ಅಂಗಡಿಯವರನ್ನೋ ಕೇಳಿ. ಆ ನಂಬರ್‌ಗಳಿಗೆ ಫೋನ್ ಮಾಡಿ ಚದರಡಿಗೆ ಎಷ್ಟು ಎಂದು ವಿಚಾರಿಸಿ. ವಿಚಾರಿಸುವಾಗ ಒಂದು ಎಚ್ಚರ ಬೇಕು. ಒಬ್ಬರು ಹೇಳುವ 1,000 ಚದರಡಿ ಸೂಪರ್ ಬಿಲ್ಟ್‌ಅಪ್ ಆಗಿರುತ್ತದೆ. ಅದರಲ್ಲಿ ಮೆಟ್ಟಿಲು, ಲಾಬಿ, ಲಿಫ್ಟಿನ ಪಾಲು ಸೇರಿ, ಮೇಜು ಹಾಕಲು ಸಿಗುವುದು 700 ಅಡಿ ಇರಬಹುದು. ಇನ್ನೊಬ್ಬರು ಕಾರ್ಪೆಟ್ ಅಳತೆ ಹೇಳುತ್ತಾರೆ. ಒಂದೇ ಅಳತೆಗೆ ತಂದುಕೊಂಡು ಹೋಲಿಸದಿದ್ದರೆ ನಿಮ್ಮ ಪತ್ರದ ಅಂಕಿಯನ್ನು ಮಾಲೀಕರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಖಾಲಿಯಾದ ಜಾಗ ಎರಡು ವಾರದಲ್ಲಿ ತುಂಬಿಕೊಳ್ಳುವ ರಸ್ತೆ ನಿಮ್ಮದಾಗಿದ್ದರೆ, ಮೇಲಿನ ಲೆಕ್ಕ ನಿಮ್ಮ ವಿರುದ್ಧ ನಿಲ್ಲುತ್ತದೆ. ಆಗ ಬಾಡಿಗೆ ಇಳಿಸಲು ಕೇಳದೆ ಅವಧಿ ಗಟ್ಟಿ ಮಾಡಿಕೊಳ್ಳುವುದೇ ಜಾಣತನ.

ಇಷ್ಟಾದ ಮೇಲೆ ಇನ್ನೊಂದು ಅಂಕಿಯನ್ನು ನಿಮ್ಮ ಡೈರಿಯಲ್ಲಿ ಬರೆದಿಟ್ಟುಕೊಳ್ಳಬೇಕು, ಪತ್ರದಲ್ಲಲ್ಲ. ಮಾಲೀಕರು ಒಪ್ಪದಿದ್ದರೆ ಎಲ್ಲಿಯವರೆಗೆ ಹೋಗಬಹುದು ಎಂಬುದು ಆ ಅಂಕಿ. ನಮ್ಮ ಉದಾಹರಣೆಯಲ್ಲಿ ಈಗಿನಿಂದಲೇ ಶೇ. 5, ಅಂದರೆ 46,305. ಅಷ್ಟಕ್ಕೆ ಹೋದರೆ ಮೂರು ವರ್ಷದ ಮೊತ್ತ ಸುಮಾರು 17 ಲಕ್ಷದ 52 ಸಾವಿರ. ಎರಡೇ ತಿಂಗಳು ಖಾಲಿ ಬಿದ್ದು ಹೊಸಬರು ಬಂದರೂ ಮಾಲೀಕರಿಗೆ ಉಳಿಯುವುದು 17 ಲಕ್ಷದ 56 ಸಾವಿರ. ವ್ಯತ್ಯಾಸ ಬಣ್ಣ ಹೊಡೆಸುವುದಕ್ಕೂ ಸಾಲದು. ಈ ಹಂತದಲ್ಲಿ ಹೆಚ್ಚಿನ ಮಾಲೀಕರಿಗೆ ಒಪ್ಪುವುದು ಸುಲಭ.

ಹೀಗೆ ಸಿದ್ಧವಾದ ಮೇಲೆ ಬರೆಯುವ ಇಮೇಲ್ ಉದ್ದ ಇರಬೇಕಿಲ್ಲ. ನಾನು ಬರೆದರೆ ಹೀಗೆ ಬರೆಯುತ್ತೇನೆ. ದಿನಾಂಕ 2026ರ ಡಿಸೆಂಬರ್ 1.

"ವಿಷಯ: ಎರಡನೇ ಮಹಡಿ ಕಚೇರಿಯ ಲೀಸ್ ನವೀಕರಣ, 1 ಏಪ್ರಿಲ್ 2027ರಿಂದ

ಸರ್, ಮೇಡಂ, ಇಬ್ಬರಿಗೂ ನಮಸ್ಕಾರ.

ನಮ್ಮ ಈಗಿನ ಲೀಸ್ 2027ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಡೀಡ್‌ನಲ್ಲಿ ಹೇಳಿರುವಂತೆ 90 ದಿನಕ್ಕೆ ಮೊದಲೇ ಈ ಪತ್ರದ ಮೂಲಕ ನವೀಕರಣ ಕೋರುತ್ತಿದ್ದೇವೆ. ಇದರ ಪ್ರತಿಯನ್ನು ಅಂಚೆಯಲ್ಲೂ ಕಳಿಸಿದ್ದೇವೆ.

ಈ ಸಲ ಮೂರು ವರ್ಷದ ಬದಲು ಐದು ವರ್ಷಕ್ಕೆ ಕರಾರು ಮಾಡಿಕೊಳ್ಳಲು ನಮಗೆ ಇಷ್ಟ. ಮೊದಲ 24 ತಿಂಗಳು ನಾವು ಬಿಟ್ಟು ಹೋಗುವುದಿಲ್ಲ. ಹೋದರೆ ಆ 24 ತಿಂಗಳಲ್ಲಿ ಉಳಿದ ಬಾಡಿಗೆಗೆ ನಾವು ಹೊಣೆ. ಆಮೇಲೆ ಬಿಡುವುದಾದರೆ ಮೂರು ತಿಂಗಳು ಮೊದಲು ತಿಳಿಸುತ್ತೇವೆ. ಐದು ವರ್ಷ ನೀವೂ ನಮ್ಮನ್ನು ಖಾಲಿ ಮಾಡಿಸಬಾರದು ಎಂಬುದು ಕೋರಿಕೆ. ಬಾಡಿಗೆ ಎರಡು ತಿಂಗಳು ಬಾಕಿ ಬಿದ್ದರೆ ಅಥವಾ ಷರತ್ತು ಮುರಿದರೆ ಆ ಮಾತು ಬೇರೆ.

ಮೊದಲ ವರ್ಷದ ಬಾಡಿಗೆಯನ್ನು ಈಗಿನ 44,100 ರೂಪಾಯಿಗೇ ಇಟ್ಟು, 2028ರ ಏಪ್ರಿಲ್ 1ರಿಂದ ಪ್ರತಿ ವರ್ಷ ಶೇ. 5 ಏರಿಸೋಣ ಎಂಬುದು ನಮ್ಮ ಪ್ರಸ್ತಾವ. ಜಿಎಸ್‌ಟಿ ಮತ್ತು ಮೇಂಟೆನೆನ್ಸ್ ಇದರಲ್ಲಿ ಸೇರಿಲ್ಲ. ನಮ್ಮದೇ ರಸ್ತೆಯಲ್ಲಿ ಇಷ್ಟೇ ಅಳತೆಯ ಎರಡು ಕಚೇರಿಗಳಿಗೆ ಚದರಡಿಗೆ 42 ಮತ್ತು 43 ರೂಪಾಯಿ ಕೇಳುತ್ತಿದ್ದಾರೆ. ಎರಡೂ ಸೂಪರ್ ಬಿಲ್ಟ್‌ಅಪ್ ಅಳತೆ.

ನಿಮ್ಮ ಬಳಿ ಇರುವ ಅಡ್ವಾನ್ಸ್ ಹೊಸ ಕರಾರಿಗೂ ಹಾಗೆಯೇ ಮುಂದುವರಿಯಲಿ. ಡೀಡ್‌ನ ಮುದ್ರಾಂಕ ಮತ್ತು ನೋಂದಣಿ ಖರ್ಚನ್ನು ಇಬ್ಬರೂ ಸಮನಾಗಿ ಹಂಚಿಕೊಳ್ಳೋಣ.

ಹೊಸ ಡೀಡ್‌ಗೆ ಸಹಿಯಾಗಿ ನೋಂದಣಿಯಾಗುವವರೆಗೆ ಇದು ಪ್ರಸ್ತಾವ ಮಾತ್ರ. ಡಿಸೆಂಬರ್ 20ರೊಳಗೆ ನಿಮಗೆ ಅನುಕೂಲವಾದ ಯಾವುದಾದರೂ ಸಂಜೆ ಮನೆಗೆ ಬಂದು ಮಾತಾಡುತ್ತೇವೆ."

ಈ ಪತ್ರದಲ್ಲಿ ಅವಧಿಯ ಮಾತು ಬಾಡಿಗೆಗಿಂತ ಮೊದಲು ಬಂದಿದೆ. ಬೇಕೆಂದೇ ಹಾಗೆ ಮಾಡಿದ್ದು. ಮೊದಲೇ "ಬಾಡಿಗೆ ಏರಿಸಬೇಡಿ" ಎಂದರೆ ಓದುವವರಿಗೆ ಕೇಳಿಸುವುದು ಕೋರಿಕೆ. "24 ತಿಂಗಳು ಬಿಡುವುದಿಲ್ಲ" ಎಂದು ಮೊದಲು ಹೇಳಿದರೆ, ಆಮೇಲೆ ಬರುವ ಬಾಡಿಗೆಯ ಮಾತು ಅದಕ್ಕೆ ಪ್ರತಿಯಾಗಿ ಕೇಳಿದ್ದಾಗುತ್ತದೆ. ಎರಡು ವರ್ಷ ಜಾಗ ಖಾಲಿ ಬೀಳುವುದಿಲ್ಲ ಎಂಬ ಖಾತ್ರಿಗೆ ಬೆಲೆ ಎಷ್ಟೆಂದು ನಾವು ಮೇಲೆ ಲೆಕ್ಕ ಹಾಕಿದೆವಲ್ಲ, ಮಾಲೀಕರೂ ಅದನ್ನು ಮನಸ್ಸಿನಲ್ಲೇ ಹಾಕುತ್ತಾರೆ. ಖಾಲಿ ತಿಂಗಳ ಲೆಕ್ಕವನ್ನು ಪತ್ರದಲ್ಲಿ ಬಿಡಿಸಿ ಬರೆಯುವುದು ಬೇಡ. ಅದು ಬೆದರಿಕೆಯಂತೆ ಕಾಣುತ್ತದೆ. ಎದುರು ಕೂತು ಕಾಫಿ ಕುಡಿಯುವಾಗ ಹೇಳುವ ಮಾತು ಅದು.

ಲಾಕ್-ಇನ್ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಲಾಕ್-ಇನ್ ಎಂದಷ್ಟೇ ಬರೆದರೆ ಯಾರಿಗೆ ಬೀಗ ಎಂಬುದು ಸ್ಪಷ್ಟವಾಗುವುದಿಲ್ಲ. ಸಿದ್ಧ ಮಾದರಿಯ ಡೀಡ್‌ಗಳಲ್ಲಿ ಬಾಡಿಗೆದಾರ ಎರಡು ವರ್ಷ ಬಿಡುವಂತಿಲ್ಲ, ಆದರೆ ಮಾಲೀಕರು ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಿಸಬಹುದು ಎಂದಿರುತ್ತದೆ. ಐದು ವರ್ಷದ ಕರಾರು ಎಂದು ಸಂತೋಷಪಟ್ಟು ಪಾರ್ಟಿಷನ್, ಎಸಿ, ಫಾಲ್ಸ್ ಸೀಲಿಂಗ್‌ಗೆ ದುಡ್ಡು ಸುರಿದವರು ಒಂದೂವರೆ ವರ್ಷದಲ್ಲಿ ನೋಟಿಸ್ ಹಿಡಿದು ನಿಂತದ್ದನ್ನು ಕಂಡಿದ್ದೇನೆ. ಅವರ ಡೀಡ್‌ನಲ್ಲಿ ಐದು ವರ್ಷ ಎಂದು ಬರೆದಿದ್ದು ನಿಜ, ಮಾಲೀಕರನ್ನು ಕಟ್ಟಿಹಾಕುವ ಸಾಲು ಮಾತ್ರ ಇರಲಿಲ್ಲ. ಅದಕ್ಕೇ ಪತ್ರದಲ್ಲಿ ಇಬ್ಬರ ಹೊಣೆಯನ್ನೂ ಬೇರೆ ಬೇರೆ ವಾಕ್ಯದಲ್ಲಿ ಬರೆದಿರುವುದು.

'ಪ್ರಸ್ತಾವ ಮಾತ್ರ' ಎಂಬ ಸಾಲೂ ಶಿಷ್ಟಾಚಾರಕ್ಕೆ ಹಾಕಿದ್ದಲ್ಲ. ಇಮೇಲ್‌ಗಳ ಮೂಲಕವೇ ಒಪ್ಪಂದ ಏರ್ಪಡಬಹುದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಕಂಪನಿಗಳ ನಡುವಿನ ಪ್ರಕರಣದಲ್ಲಿ ಹೇಳಿದೆ. ಅದು ಬಾಕ್ಸೈಟ್ ಪೂರೈಕೆಯ ವ್ಯವಹಾರ, ವಿಧಿವತ್ತಾದ ಕರಾರಿಗೆ ಸಹಿ ಬಿದ್ದಿರಲಿಲ್ಲ. ನೀವು ಬರೆದ ಅಂಕಿಗೆ ಮಾಲೀಕರು "ಓಕೆ" ಎಂದು ಉತ್ತರಿಸಿದರೆ ಅದು ಎಲ್ಲಿಗೆ ಬೇಕಾದರೂ ಹೋಗಬಹುದು. ಇನ್ನೂ ಅಡ್ವಾನ್ಸ್, ಮೇಂಟೆನೆನ್ಸ್ ಮಾತು ಬಾಕಿ ಇರುವಾಗ ಆ ತೊಡಕು ಇಬ್ಬರಿಗೂ ಬೇಡ.

ಜಿಎಸ್‌ಟಿ ಮಾತನ್ನು ಬಾಡಿಗೆಯ ಪಕ್ಕದಲ್ಲೇ ಹೇಳುವುದು ಒಳ್ಳೆಯದು. ಕಚೇರಿ ಬಾಡಿಗೆಗೆ ಶೇ. 18 ಜಿಎಸ್‌ಟಿ. ಮಾಲೀಕರು ನೋಂದಾಯಿಸಿಕೊಂಡಿದ್ದರೆ ಅವರು ಬಿಲ್‌ನಲ್ಲಿ ಸೇರಿಸುತ್ತಾರೆ. ಅವರು ನೋಂದಾಯಿಸಿಕೊಂಡಿರದೆ ನೀವು ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿಸಿಕೊಂಡವರಾಗಿದ್ದರೆ, 2024ರ ಅಕ್ಟೋಬರ್ 10ರಿಂದ ಆ ತೆರಿಗೆಯನ್ನು ನೀವೇ ಕಟ್ಟಬೇಕು. ಟಿಡಿಎಸ್ ಕೂಡ ಗಮನಿಸಿ. 2025ರ ಏಪ್ರಿಲ್‌ನಿಂದ ತಿಂಗಳಿಗೆ 50,000 ಮೀರಿದ ಬಾಡಿಗೆಯಲ್ಲಿ ಕಂಪನಿಗಳು ಮತ್ತು ಪಾಲುದಾರಿಕೆ ಸಂಸ್ಥೆಗಳು ಶೇ. 10 ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನಮ್ಮ ಉದಾಹರಣೆಯಲ್ಲಿ ಮಾಲೀಕರು ಕೇಳುವ 50,715 ಮೊದಲ ತಿಂಗಳೇ ಆ ಗೆರೆ ದಾಟುತ್ತದೆ. ಹಿಡಿದದ್ದು ಅವರ ತೆರಿಗೆಗೇ ಜಮೆಯಾಗುತ್ತದೆ, ನಷ್ಟವಿಲ್ಲ. ಆದರೂ ಖಾತೆಗೆ ಐದು ಸಾವಿರ ಕಡಿಮೆ ಬಂದಾಗ ಮನಸ್ತಾಪ ಹುಟ್ಟುತ್ತದೆ. ಮೊದಲೇ ಹೇಳಿಬಿಟ್ಟರೆ ಅದು ಇರುವುದಿಲ್ಲ.

ಮಾತುಕತೆ ಮುಗಿದು ಅಂಕಿ ಒಪ್ಪಿಗೆಯಾದ ಮೇಲೆ ಕೊನೆಯ ಗಂಡಾಂತರ ಇರುವುದು ನೋಂದಣಿಯಲ್ಲಿ. ಖರ್ಚು ಉಳಿಸಲು 11 ತಿಂಗಳ ಅಗ್ರಿಮೆಂಟ್ ಮಾಡಿ, "ಐದು ವರ್ಷ ನಾನೇನೂ ಅನ್ನಲ್ಲ" ಎಂಬ ಬಾಯಿಮಾತಿನ ಮೇಲೆ ಕೂರುವುದು ನಮ್ಮಲ್ಲಿ ರೂಢಿ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಲೀಸ್ ಕಡ್ಡಾಯವಾಗಿ ನೋಂದಣಿಯಾಗಬೇಕು. ಐದು ವರ್ಷ ಎಂದು ಇ-ಸ್ಟಾಂಪ್ ಕಾಗದದ ಮೇಲೆ ಬರೆದು, ಸಾಕ್ಷಿಗಳ ಸಹಿ ಹಾಕಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗದಿದ್ದರೆ ಆ ಐದು ವರ್ಷವನ್ನು ಕೋರ್ಟಿನಲ್ಲಿ ಸಾಬೀತು ಮಾಡಲಾಗುವುದಿಲ್ಲ. ನೀವು ಮತ್ತೆ ತಿಂಗಳ ಬಾಡಿಗೆದಾರ, ಮತ್ತೆ 15 ದಿನದ ನೋಟಿಸ್. ನೋಂದಣಿಯಾಗಿದ್ದರೆ ಮಾಲೀಕರು ಕಟ್ಟಡವನ್ನು ಮಾರಿದರೂ ಕೊಂಡವರು ನಿಮ್ಮ ಉಳಿದ ಅವಧಿಗೆ ಬದ್ಧರು. ಬಾಡಿಗೆಯಲ್ಲಿ ಉಳಿಸಿದ ಹಣವೆಲ್ಲ ನಿಲ್ಲುವುದು ಈ ಅವಧಿ ನಿಂತರೆ ಮಾತ್ರ. ಹಾಗಾಗಿ ಖರ್ಚನ್ನು ಅರ್ಧ ಹಂಚಿಕೊಳ್ಳಲು ಮಾಲೀಕರು ಒಪ್ಪದಿದ್ದರೆ ಪೂರ್ತಿ ನೀವೇ ಕಟ್ಟಿ. ಮಾರ್ಚ್ ಕೊನೆಗೆ ಕಾಯದೆ, ಕಾವೇರಿ ಪೋರ್ಟಲ್‌ನಲ್ಲಿ ಮೊದಲೇ ದಿನ ಗೊತ್ತು ಮಾಡಿಕೊಂಡು ಇಬ್ಬರು ಮಾಲೀಕರೂ ಬರುವಂತೆ ನೋಡಿಕೊಳ್ಳಿ.

ಪತ್ರಕ್ಕೆ ಉತ್ತರವೇ ಬಾರದಿರುವುದೂ ಉಂಟು. ವಾರ ಕಾದು ಫೋನ್ ಮಾಡಿ, ಮಾತಾಡಿದ್ದನ್ನು ಅದೇ ದಿನ ಸಂಜೆ ಎರಡು ಸಾಲಿನ ಇಮೇಲ್‌ನಲ್ಲಿ ಬರೆದು ಕಳಿಸಿ: "ಇವತ್ತು ಮಾತಾಡಿದಂತೆ ಬಾಡಿಗೆ ವಿಷಯ ಜನವರಿ 5ಕ್ಕೆ ತಿಳಿಸುತ್ತೇವೆ ಎಂದಿದ್ದೀರಿ." ಜನವರಿ ಮುಗಿದರೂ ತೀರ್ಮಾನವಾಗದಿದ್ದರೆ ಬೇರೆ ಜಾಗ ನೋಡಲು ಶುರು ಮಾಡಿ. ಸ್ಥಳ ಬದಲಿಸಿದರೆ 15 ದಿನದೊಳಗೆ ಜಿಎಸ್‌ಟಿ ವಿಳಾಸ ತಿದ್ದಿಸಬೇಕು, ಕಂಪನಿಯಾಗಿದ್ದು ನೋಂದಾಯಿತ ಕಚೇರಿಯೂ ಅದೇ ಆಗಿದ್ದರೆ 30 ದಿನದೊಳಗೆ ಆ ಬದಲಾವಣೆಯನ್ನೂ ಸಲ್ಲಿಸಬೇಕು. ಇದಕ್ಕೆಲ್ಲ ಸಮಯ ಬೇಕು. ಹೊಸ ಜಾಗವನ್ನು ನಿಜವಾಗಿಯೂ ನೋಡಿ ಬಂದವರ ಮಾತಿಗೆ ಇರುವ ತೂಕವೂ ಬೇರೆ.

ಈಗ ಓದುತ್ತಿರುವ ನಿಮ್ಮದೂ ಬಾಡಿಗೆ ಕಚೇರಿಯಾಗಿದ್ದರೆ, ಇವತ್ತೇ ಡೀಡ್ ತೆಗೆದು ಮೂರು ವಿಷಯ ನೋಡಿಕೊಳ್ಳಿ: ಅವಧಿ ಮುಗಿಯುವ ದಿನ, ನೋಟಿಸ್‌ಗೆ ಹೇಳಿರುವ ದಿನಗಳು, ಕೊನೆಯ ಪುಟದಲ್ಲಿ ಸಬ್ ರಿಜಿಸ್ಟ್ರಾರ್ ಮೊಹರು ಇದೆಯೋ ಇಲ್ಲವೋ. ಅವಧಿ ಮುಗಿಯುವುದಕ್ಕೆ ನಾಲ್ಕು ತಿಂಗಳು ಹಿಂದಿನ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಪತ್ರ ಹೋಗಬೇಕಾದದ್ದು ಆ ದಿನ.